ಎರಡೂವರೆ ಸೆಕೆಂಡಿನ ಓದುಗರಿಗೆ ಅಂಗಡಿಯ ಬ್ಯಾನರ್ ಬರೆಯುವ ಕ್ರಮ

ಉಡುಪಿಯ ಕಲ್ಸಂಕದಿಂದ ಮಣಿಪಾಲದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಆರು ಅಡಿ ಅಗಲ, ಮೂರು ಅಡಿ ಎತ್ತರದ ಬ್ಯಾನರ್ ಹಾಕಬೇಕೆಂದು ಮಾಲೀಕರು ಹೀಗೊಂದು ಒಕ್ಕಣೆ ಬರೆದುಕೊಂಡಿದ್ದಾರೆ:

"ನಮ್ಮಲ್ಲಿ ಎಲ್ಲಾ ಕಂಪನಿಗಳ ಮಿಕ್ಸಿ, ಗ್ರೈಂಡರ್, ಫ್ಯಾನ್, ಕುಕ್ಕರ್ ಹಾಗೂ ಇತರ ಗೃಹೋಪಯೋಗಿ ಉಪಕರಣಗಳನ್ನು ನುರಿತ ತಂತ್ರಜ್ಞರಿಂದ ಮಿತದರದಲ್ಲಿ ರಿಪೇರಿ ಮಾಡಿಕೊಡಲಾಗುವುದು. ಒಮ್ಮೆ ಭೇಟಿ ನೀಡಿ."

ವ್ಯಾಕರಣದಲ್ಲಿ ತಪ್ಪಿಲ್ಲ, ವಿನಯವೂ ಇದೆ. ಮದುವೆಯ ಆಮಂತ್ರಣ ಪತ್ರಿಕೆಯಂತೆ ಮನೆಯಲ್ಲಿ ಕುಳಿತು ಓದುವವರಿಗೆ ಇದು ಚೆನ್ನಾಗಿಯೇ ಇದೆ. ಆದರೆ ಸ್ಕೂಟರಿನಲ್ಲಿ ಹೋಗುವವರು ಇದರಲ್ಲಿ ಓದುವುದು ಹೆಚ್ಚೆಂದರೆ ಮೊದಲ ನಾಲ್ಕೈದು ಪದ. ಅಷ್ಟರಲ್ಲಿ ಅವರಿಗೆ ತಿಳಿಯುವುದು, ಇದು ಮಿಕ್ಸಿ ಮಾರುವ ಅಂಗಡಿ ಎಂದು. "ರಿಪೇರಿ" ಎಂಬ ಪದ ಬರುವುದು ಹದಿನೈದನೆಯದಾಗಿ. ಕನ್ನಡದ ವಾಕ್ಯದಲ್ಲಿ ಕ್ರಿಯೆ ಕೊನೆಗೆ ಕೂರುತ್ತದೆ. ಪುಸ್ತಕದಲ್ಲಿ ಅದರಿಂದ ತೊಂದರೆ ಇಲ್ಲ, ಓದುವವರು ಕೊನೆಯವರೆಗೂ ಬರುತ್ತಾರೆ. ರಸ್ತೆಯಲ್ಲಿ ಹೋಗುವವರು ವಾಕ್ಯ ಮುಗಿಯುವ ಮೊದಲೇ ಮುಂದಿನ ತಿರುವಿನಲ್ಲಿರುತ್ತಾರೆ. ಈ ಒಂದು ಒಕ್ಕಣೆಯನ್ನೇ ಹಿಡಿದುಕೊಂಡು, ಅದನ್ನು ತಿದ್ದಿ, ಅಳೆದು, ಅಚ್ಚು ಹಾಕಿಸಿ, ಕಟ್ಟುವವರೆಗಿನ ಕೆಲಸವನ್ನು ನೋಡೋಣ. ಬಾಗಿಲಿಗೆ ತೂಗುಹಾಕುವ ಫಲಕವನ್ನು ಕೊನೆಗೆ ಪ್ರತ್ಯೇಕವಾಗಿ ಎತ್ತಿಕೊಂಡಿದ್ದೇನೆ, ಏಕೆಂದರೆ ಅದರ ಓದುಗರೇ ಬೇರೆ.

ಮೊದಲು ರಸ್ತೆ ದಾಟಿ

ಪೆನ್ನು ಹಿಡಿಯುವ ಮೊದಲು ಅಂಗಡಿಯಿಂದ ಹೊರಗೆ ಬಂದು, ರಸ್ತೆ ದಾಟಿ, ಬ್ಯಾನರ್ ಬರುವ ಜಾಗವನ್ನು ಆಚೆ ಬದಿಯಿಂದ ನೋಡಿ. ಬಳಿಕ ವಾಹನಗಳು ಬರುವ ದಿಕ್ಕಿಗೆ ನಡೆದುಹೋಗಿ, ಆ ಜಾಗ ಎಷ್ಟು ದೂರದಿಂದ ತೆರವಾಗಿ ಕಾಣಿಸುತ್ತದೆ ಎಂದು ಹೆಜ್ಜೆ ಹಾಕಿ ಎಣಿಸಿ. ದೊಡ್ಡವರ ಒಂದು ಹೆಜ್ಜೆ ಸುಮಾರು ಮುಕ್ಕಾಲು ಮೀಟರ್. ವಿದ್ಯುತ್ ಕಂಬ, ಮರದ ಗೆಲ್ಲು, ಪಕ್ಕದ ಅಂಗಡಿಯ ಮುಂಚಾಚಿದ ಫಲಕ ಇವೆಲ್ಲ ಅಡ್ಡ ಬರುವುದು ಗೊತ್ತಾಗುವುದು ಆಗಲೇ. ನಮ್ಮ ಅಂಗಡಿಯ ವಿಷಯದಲ್ಲಿ ಈ ದೂರ 25 ಮೀಟರ್ ಎಂದಿಟ್ಟುಕೊಳ್ಳೋಣ.

ಪೇಟೆಯ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ಸ್ಕೂಟರ್ ಸೆಕೆಂಡಿಗೆ ಎಂಟು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. 25 ಮೀಟರಿನಲ್ಲಿ ಕೊನೆಯ ಐದು ಮೀಟರ್ ಲೆಕ್ಕಕ್ಕಿಲ್ಲ. ಅಷ್ಟು ಹತ್ತಿರ ಬಂದ ಮೇಲೆ ಬ್ಯಾನರ್ ನೋಡಬೇಕಾದರೆ ಕುತ್ತಿಗೆ ತಿರುಗಿಸಬೇಕು, ಸವಾರರು ಹಾಗೆ ಮಾಡುವುದಿಲ್ಲ, ಮಾಡಲೂ ಬಾರದು. ಉಳಿದ 20 ಮೀಟರಿಗೆ ಎರಡೂವರೆ ಸೆಕೆಂಡ್. ಅದರಲ್ಲಿಯೂ ಕಣ್ಣಿನ ಅರ್ಧ ಪಾಲು ಮುಂದಿರುವ ಬಸ್ಸಿನ ಮೇಲೆ, ಹೊಂಡದ ಮೇಲೆ ಇರುತ್ತದೆ. ಹೀಗಾಗಿ ಸವಾರರಿಗೆ ಎರಡು ಪದ, ಬಹಳವೆಂದರೆ ಮೂರು ಪದ ಎಂದು ಇಟ್ಟುಕೊಳ್ಳುವುದು ಕ್ಷೇಮ. ನಡೆದು ಹೋಗುವವರಿಗೆ ಹೆಚ್ಚು ಸಮಯ ಸಿಗುತ್ತದೆ. ಆದರೆ ಅವರೂ ನಿಂತು ಓದುವುದಿಲ್ಲ, ಒಂದು ಸಲ ತಲೆ ಎತ್ತಿ ನೋಡುತ್ತಾರೆ. ಅವರಿಗೆ ಇನ್ನೂ ನಾಲ್ಕೈದು ಪದ ಕೊಡಬಹುದು.

ಇದಕ್ಕೆ ಒಂದು ದೊಡ್ಡ ಅಪವಾದ ಬಸ್ ನಿಲ್ದಾಣ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಳಿಯೋ ಉಡುಪಿಯ ಸಿಟಿ ಬಸ್ ನಿಲ್ದಾಣದ ಎದುರೋ ಅಂಗಡಿ ಇದ್ದರೆ, ನಿಮ್ಮ ಓದುಗರು ಕಿಟಕಿಯ ಪಕ್ಕ ಸುಮ್ಮನೆ ಕುಳಿತಿರುತ್ತಾರೆ. ಬಸ್ ಹೊರಡುವವರೆಗೂ ಅವರಿಗೆ ಬೇರೆ ಕೆಲಸವಿಲ್ಲ. ಅಲ್ಲಿ ಪಟ್ಟಿ, ದರ, ಫೋನ್ ನಂಬರ್ ಎಲ್ಲವನ್ನೂ ಹಾಕಬಹುದು, ಓದುತ್ತಾರೆ. ಉಳಿದ ಕಡೆ ಆ ಆಸೆ ಬೇಡ.

ಇನ್ನೊಂದು ವಿಷಯವನ್ನು ಆಚೆ ಬದಿಯಿಂದ ನೋಡಿದಾಗ ಮಾತ್ರ ತಿಳಿಯಬಹುದು. ಗೋಡೆಗೆ ಒರಗಿಸಿ ಕಟ್ಟಿದ ಬ್ಯಾನರ್ ಕಾಣುವುದು ಎದುರು ಬದಿಯವರಿಗೆ. ನಿಮ್ಮದೇ ಬದಿಯಲ್ಲಿ ಅಂಗಡಿಯ ಪಕ್ಕ ನಡೆದು ಬರುವವರಿಗೆ ಅದು ಓರೆಯಾಗಿ, ಒಂದು ಪಟ್ಟಿಯಂತೆ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಅವರಿಗಾಗಿ ಗೋಡೆಗೆ ಅಡ್ಡಲಾಗಿ, ಎರಡೂ ಮುಖದಲ್ಲಿ ಬರೆದ ಸಣ್ಣ ತೂಗುಫಲಕವೇ ಬೇಕು. ಉಡುಪಿಯ ರಥಬೀದಿಯಂಥ ಜಾಗದಲ್ಲಿ, ಅಂಗಡಿಗಳ ಮುಂದೆಯೇ ಜನ ನಡೆಯುವಲ್ಲಿ, ದೊಡ್ಡ ಬ್ಯಾನರಿಗಿಂತ ಒಂದೂವರೆ ಅಡಿಯ ಈ ಫಲಕ ಹೆಚ್ಚು ಕೆಲಸ ಮಾಡುತ್ತದೆ.

ಏನು ಬರೆಯುವುದು

ದಾರಿಹೋಕರ ಮನಸ್ಸಿನಲ್ಲಿ ಮೊದಲೇ ಇರುವ ಪ್ರಶ್ನೆ ಯಾವುದು ಎಂದು ಕೇಳಿಕೊಳ್ಳಿ. ಮಿಕ್ಸಿ ಕೆಟ್ಟವರ ಸಂಕಟ ನಮ್ಮ ಕರಾವಳಿಯಲ್ಲಿ ವಿವರಿಸಬೇಕಾಗಿಲ್ಲ. ತೆಂಗಿನಕಾಯಿ ರುಬ್ಬದೆ ಮಧ್ಯಾಹ್ನದ ಅಡುಗೆ ಆಗುವುದಿಲ್ಲ. ಅವರ ಮೊದಲ ಪ್ರಶ್ನೆ "ಇಲ್ಲಿ ರಿಪೇರಿ ಮಾಡುತ್ತಾರೆಯೇ?" ಎರಡನೆಯದು "ಇವತ್ತೇ ಸಿಗುತ್ತದೆಯೇ?" ನುರಿತ ತಂತ್ರಜ್ಞರೋ ಅಲ್ಲವೋ ಎಂದು ಅವರು ಕೇಳುತ್ತಿಲ್ಲ. ತಾವು ನುರಿತವರಲ್ಲ ಎಂದು ಯಾವ ಅಂಗಡಿಯವರೂ ಬರೆಯುವುದಿಲ್ಲವಾದ್ದರಿಂದ ಆ ಪದಕ್ಕೆ ತೂಕವೇ ಇಲ್ಲ.

ಈಗ ಒಕ್ಕಣೆಯನ್ನು ಕತ್ತರಿಸೋಣ. "ನಮ್ಮಲ್ಲಿ" ಬೇಡ, ಬ್ಯಾನರ್ ಇರುವುದೇ ನಿಮ್ಮ ಅಂಗಡಿಯ ಮೇಲೆ. "ಎಲ್ಲಾ ಕಂಪನಿಗಳ" ಎನ್ನುವುದು ಒಳಗೆ ಬಂದವರಿಗೆ ಹೇಳುವ ಮಾತು. "ಗೃಹೋಪಯೋಗಿ ಉಪಕರಣ" ಯಾರೂ ಮನೆಯಲ್ಲಿ ಆಡುವ ಮಾತಲ್ಲ. ಕೆಟ್ಟದ್ದು ಮಿಕ್ಸಿ, ಉಪಕರಣವಲ್ಲ. "ಮಿತದರ"ಕ್ಕೆ ಅರ್ಥ ಬರಬೇಕಾದರೆ ಪಕ್ಕದಲ್ಲಿ ದರ ಇರಬೇಕು. "ಒಮ್ಮೆ ಭೇಟಿ ನೀಡಿ" ಎಂದು ಕರೆದದ್ದರಿಂದಲೇ ಒಳಗೆ ಬಂದವರನ್ನು ನಾನು ಕಂಡಿಲ್ಲ. "ಮಾಡಿಕೊಡಲಾಗುವುದು" ಹೋದರೂ ಅರ್ಥ ಕೆಡುವುದಿಲ್ಲ. ಉಳಿಯುವುದು ವಸ್ತುಗಳ ಪಟ್ಟಿ ಮತ್ತು "ರಿಪೇರಿ".

ಪಟ್ಟಿಯನ್ನು ಕಡಿಮೆ ಮಾಡುವುದೇ ಮಾಲೀಕರಿಗೆ ಕಷ್ಟದ ಕೆಲಸ. ಫ್ಯಾನ್ ಬಿಟ್ಟರೆ ಫ್ಯಾನಿನ ಗಿರಾಕಿ ತಪ್ಪುತ್ತಾರೆ ಎಂಬ ಭಯ. ಆದರೆ ನಾಲ್ಕು ಹೆಸರನ್ನು ಒಂದೇ ಸಾಲಿಗೆ ತುರುಕಿದರೆ ಅಕ್ಷರ ಸಣ್ಣದಾಗಿ ನಾಲ್ವರೂ ತಪ್ಪುತ್ತಾರೆ. ಮಿಕ್ಸಿ ರಿಪೇರಿ ಮಾಡುವಲ್ಲಿ ಗ್ರೈಂಡರನ್ನೂ ಮಾಡುತ್ತಾರೆ ಎಂದು ಜನ ತಾವಾಗಿಯೇ ಊಹಿಸುತ್ತಾರೆ. ಹೆಚ್ಚು ಬರುವ ಕೆಲಸ ಯಾವುದು ಎಂದು ಬಿಲ್ ಪುಸ್ತಕ ತೆರೆದು ನೋಡಿ, ಅದನ್ನು ಮಾತ್ರ ಇಟ್ಟುಕೊಳ್ಳಿ. ಹೀಗೆ ನಮ್ಮ ಅಂಗಡಿಯ ಒಕ್ಕಣೆ ಎರಡು ಸಾಲಿಗೆ ಇಳಿಯುತ್ತದೆ:

ಮಿಕ್ಸಿ ರಿಪೇರಿ
ಬೆಳಿಗ್ಗೆ ಕೊಡಿ, ಸಂಜೆ ಒಯ್ಯಿರಿ

ಮೊದಲ ಸಾಲು ಸವಾರರಿಗೆ, ಎರಡನೆಯದು ನಡೆಯುವವರಿಗೆ ಮತ್ತು ಸ್ಕೂಟರಿನ ಹಿಂದೆ ಕುಳಿತವರಿಗೆ. ಎರಡನೆಯ ಸಾಲು ನಿಜವಾಗಿದ್ದರೆ ಮಾತ್ರ ಹಾಕಿ. ಮೋಟಾರಿನ ಕಾಯಿಲ್ ಸುತ್ತಿಸಲು ಎರಡು ದಿನ ಬೇಕಾಗುವ ಕೆಲಸಗಳೇ ಹೆಚ್ಚು ಎಂದಾದರೆ "ಎರಡು ದಿನದಲ್ಲಿ ಸಿದ್ಧ" ಎನ್ನುವುದೂ ಒಳ್ಳೆಯ ಸಾಲೇ. ಗೊತ್ತಾದ ಅವಧಿಯನ್ನು ಜನ ಒಪ್ಪುತ್ತಾರೆ. "ಶೀಘ್ರ ಸೇವೆ" ಎಂದರೆ ಎಷ್ಟು ಹೊತ್ತು ಎಂದು ಯಾರಿಗೂ ತಿಳಿಯುವುದಿಲ್ಲ.

ಅಂಗಡಿಯ ಹೆಸರು ಎಲ್ಲಿ ಹೋಯಿತು ಎಂದು ಕೇಳಬಹುದು. ಅದು ನಾಮಫಲಕದಲ್ಲಿ ಆಗಲೇ ಇದೆ. ಬ್ಯಾನರಿನ ಮೇಲಿನ ಅರ್ಧವನ್ನು ದೇವರ ಹೆಸರಿನಿಂದ ಆರಂಭವಾಗುವ ಅಂಗಡಿಯ ಹೆಸರಿಗೆ ಕೊಟ್ಟರೆ, ನಮ್ಮೂರಿನಲ್ಲಿ ಅದೇ ಹೆಸರಿನ ಹೋಟೆಲ್, ಬಸ್, ಬಟ್ಟೆ ಅಂಗಡಿಗಳೂ ಇರುವುದರಿಂದ, ಒಳಗೆ ಏನಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಫೋನ್ ನಂಬರನ್ನೂ ಇಲ್ಲಿಂದ ತೆಗೆಯಿರಿ. ಹತ್ತು ಅಂಕಿಗಳನ್ನು ಚಲಿಸುವ ಸ್ಕೂಟರಿನಿಂದ ಓದಿ ನೆನಪಿಟ್ಟುಕೊಳ್ಳುವವರು ಇಲ್ಲ. ಅದಕ್ಕೆ ಬೇರೆ ಜಾಗವಿದೆ, ಮುಂದೆ ಹೇಳುತ್ತೇನೆ.

ಮಣಿಪಾಲದ ವಿದ್ಯಾರ್ಥಿಗಳಿಗೆ, ಕಾಸರಗೋಡು ಕಡೆಯಿಂದ ಬರುವವರಿಗೆ ಬೇರೆ ಭಾಷೆಯಲ್ಲಿಯೂ ಬೇಕಲ್ಲ ಎಂಬ ಪ್ರಶ್ನೆ ಇಲ್ಲಿ ಸಹಜ. ಎಲ್ಲವನ್ನೂ ಎರಡೆರಡು ಸಲ ಬರೆದರೆ ಎರಡೂ ಸಣ್ಣದಾಗುತ್ತವೆ. ಮೊದಲ ಸಾಲನ್ನು ಮಾತ್ರ ಇಂಗ್ಲಿಷಿನಲ್ಲಿ ಕೆಳಗೆ ಚಿಕ್ಕದಾಗಿ ಹಾಕಿ. ಇಲ್ಲವೇ ಎಡಗಡೆ ಮಿಕ್ಸಿಯ ಕಪ್ಪು ಆಕೃತಿಯೊಂದನ್ನು ಇಡಿ. ಅದನ್ನು ಎಲ್ಲ ಭಾಷೆಯವರೂ ಓದುತ್ತಾರೆ. ಇಂಟರ್ನೆಟ್ಟಿನಿಂದ ತೆಗೆದ ಬಣ್ಣದ ಫೋಟೋ ಬೇಡ, ದೂರದಿಂದ ಅದು ಬರೀ ಕಲೆಯಂತೆ ಕಾಣುತ್ತದೆ. ನಾಮಫಲಕದ ವಿಷಯದಲ್ಲಿ ಕಾನೂನೂ ಇದೆ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಬ್ಯಾನರನ್ನೂ ಅದೇ ಕ್ರಮದಲ್ಲಿ ಮಾಡಿಸಿದರೆ ಮುಂದೆ ತಕರಾರಿಲ್ಲ.

ಅಕ್ಷರದ ಅಳತೆ

ಫಲಕ ಬರೆಯುವವರ ಹಳೆಯ ಲೆಕ್ಕವೊಂದಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. 25 ಮೀಟರ್ ಎಂದರೆ ಸುಮಾರು 82 ಅಡಿ, ಹಾಗಾಗಿ ಮೊದಲ ಸಾಲಿಗೆ ಎಂಟು ಇಂಚಿನ ಅಕ್ಷರ ಬೇಕು. ಈ ಲೆಕ್ಕ ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಹೊಂದಿಕೊಂಡದ್ದು. ಅವಕ್ಕೆ ಮೇಲೆ ಕೆಳಗೆ ಏನೂ ಇರುವುದಿಲ್ಲ. ಕನ್ನಡಕ್ಕೆ ಹೊಂದಿಸುವಾಗ ಎಂಟು ಇಂಚು ಎಂದರೆ ಮೂಲ ಅಕ್ಷರದ ಮೈಯ ಅಳತೆ. ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರ ಅದರ ಹೊರಗೆ. ಅಂಗಡಿಯವರು "ಎಂಟು ಇಂಚು" ಎಂದು ಹೇಳಿ, ಡಿಟಿಪಿಯವರು ಒತ್ತಕ್ಷರವನ್ನೂ ಸೇರಿಸಿ ಎಂಟು ಇಂಚು ಮಾಡಿದರೆ ಮೂಲ ಅಕ್ಷರಕ್ಕೆ ಐದೇ ಇಂಚು ಉಳಿಯುತ್ತದೆ. ಈ ಗೊಂದಲ ಬಹಳ ಸಲ ಆಗುತ್ತದೆ. "ರ ಅಕ್ಷರದ ಎತ್ತರ ಎಂಟು ಇಂಚು ಇರಲಿ" ಎಂದು ಹೇಳುವುದು ಸುಲಭದ ದಾರಿ.

ನಮ್ಮ ಬ್ಯಾನರಿನಲ್ಲಿ ಹಿಡಿಸುತ್ತದೆಯೇ ನೋಡೋಣ. "ಮಿಕ್ಸಿ" ಎಂಬಲ್ಲಿ ಸಕಾರದ ಒತ್ತು ಇದೆ. ಮೈಗೆ ಎಂಟು ಇಂಚು, ಕೆಳಗಿನ ಒತ್ತಿಗೆ ನಾಲ್ಕು, ಮೇಲಿನ ಗುಡಿಸಿಗೆ ಎರಡು, ಒಟ್ಟು 14 ಇಂಚು. ಎರಡನೆಯ ಸಾಲು ಎದುರಿನ ಕಾಲುದಾರಿಯಿಂದ, ಅಂದರೆ ಸುಮಾರು 40 ಅಡಿಯಿಂದ ಕಂಡರೆ ಸಾಕು. ನಾಲ್ಕು ಇಂಚಿನ ಅಕ್ಷರ, ಒತ್ತು ಗುಡಿಸು ಸೇರಿ ಏಳು ಇಂಚು. ಎರಡೂ ಕೂಡಿದರೆ 21 ಇಂಚು. ಮೂರು ಅಡಿಯಲ್ಲಿ ಉಳಿದ 15 ಇಂಚನ್ನು ಮೇಲೆ, ಕೆಳಗೆ ಮತ್ತು ಎರಡು ಸಾಲುಗಳ ನಡುವೆ ಐದೈದಾಗಿ ಹಂಚಿ.

ಅಗಲದ ಲೆಕ್ಕವೂ ಕಷ್ಟವಲ್ಲ. ಕನ್ನಡದ ಅಕ್ಷರಗಳು ದುಂಡು, ಎತ್ತರದಷ್ಟೇ ಅಗಲ, ಕೆಲವು ತುಸು ಹೆಚ್ಚು. ಆರು ಅಡಿ ಎಂದರೆ 72 ಇಂಚು. ಎರಡೂ ಬದಿಗೆ ನಾಲ್ಕು ನಾಲ್ಕು ಬಿಟ್ಟರೆ 64. ಎಂಟು ಇಂಚಿನ ಅಕ್ಷರ ಒಂದಕ್ಕೆ ಒಂಬತ್ತು ಇಂಚು ಹಿಡಿದರೆ ಏಳು ಅಕ್ಷರಗಳಿಗೆ ಜಾಗ. "ಮಿಕ್ಸಿ ರಿಪೇರಿ"ಯಲ್ಲಿ ಐದು ಅಕ್ಷರ, "ಪೇ"ಯ ದೀರ್ಘಕ್ಕೆ ಅರ್ಧ, ಪದಗಳ ನಡುವಿನ ಖಾಲಿ ಜಾಗಕ್ಕೆ ಇನ್ನರ್ಧ. ಆರರಲ್ಲಿ ಮುಗಿಯಿತು. "ಮಿಕ್ಸಿ ದುರಸ್ತಿ ಕೇಂದ್ರ" ಎಂದಿದ್ದರೆ ಹಿಡಿಸುತ್ತಿರಲಿಲ್ಲ. ಇನ್ನೂ ಎರಡು ಒತ್ತಕ್ಷರಗಳು ಕೆಳಗಿನ ಸಾಲಿಗೆ ಕಾಲು ಚಾಚುತ್ತಿದ್ದವು. ಮೊದಲ ಸಾಲಿಗೆ ಪದ ಆರಿಸುವಾಗ ಒತ್ತಕ್ಷರ ಕಡಿಮೆ ಇರುವುದನ್ನು ಆರಿಸುವುದಕ್ಕೆ ಇದೇ ಕಾರಣ.

ಸಾಲು ಹಿಡಿಸದಿದ್ದಾಗ ಡಿಟಿಪಿಯವರು ಮೌಸಿನಿಂದ ಅಕ್ಷರಗಳನ್ನು ಅಡ್ಡಕ್ಕೆ ಕುಗ್ಗಿಸುತ್ತಾರೆ. ಒಪ್ಪಬೇಡಿ. ಕುಗ್ಗಿಸಿದಾಗ ಅಕ್ಷರದೊಳಗಿನ ಖಾಲಿ ಜಾಗ ಮುಚ್ಚಿಹೋಗಿ ಬ, ಒ, ಖ ಎಲ್ಲ ಒಂದೇ ಉಂಡೆಯಾಗುತ್ತವೆ. ಪ ಮತ್ತು ಷ, ದ ಮತ್ತು ಧ ಬೇರೆಯಾಗುವುದೇ ಒಂದು ಸಣ್ಣ ಗೆರೆಯಿಂದ. ಅದು ಮೊದಲು ಮಾಯವಾಗುತ್ತದೆ. ಅತಿ ದಪ್ಪ ಅಕ್ಷರದಲ್ಲಿಯೂ ಇದೇ ತೊಂದರೆ. ಮಧ್ಯಮ ದಪ್ಪದ, ಅಲಂಕಾರವಿಲ್ಲದ ಅಕ್ಷರವಿರಲಿ. ನೆರಳು, ಹೊರಗೆರೆ, ಮೂರು ಆಯಾಮದ ಉಬ್ಬು ಯಾವುದೂ ಬೇಡ. ಜಾಗ ಸಾಲದಿದ್ದರೆ ಪದವನ್ನು ತೆಗೆಯಿರಿ.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಒಂದು ತಿಳಿ, ಒಂದು ಗಾಢ. ಹಳದಿಯ ಮೇಲೆ ಕಪ್ಪು, ಬಿಳಿಯ ಮೇಲೆ ಕಡುನೀಲಿ, ಕಡುಹಸಿರಿನ ಮೇಲೆ ಬಿಳಿ. ಕೆಂಪಿನ ಮೇಲೆ ನೀಲಿ, ಹಸಿರಿನ ಮೇಲೆ ಕೆಂಪು ಎರಡೂ ಮಳೆಗಾಲದ ಮಂಕು ಬೆಳಕಿನಲ್ಲಿ ಕಪ್ಪಾಗಿ ಒಂದಾಗುತ್ತವೆ. ಅಚ್ಚಿನ ಶಾಯಿಗಳಲ್ಲಿ ಹಳದಿ ಮತ್ತು ಗುಲಾಬಿ ಬಣ್ಣ ಬಿಸಿಲಿಗೆ ಮೊದಲು ಹಾರುತ್ತವೆ, ಹಳೆಯ ಬ್ಯಾನರುಗಳೆಲ್ಲ ನೀಲಿಗೆ ತಿರುಗುವುದು ಅದಕ್ಕೇ. ತಿಂಗಳುಗಟ್ಟಲೆ ಇರಬೇಕಾದದ್ದಕ್ಕೆ ಕಡುನೀಲಿ ಅಥವಾ ಕಪ್ಪು ಅಕ್ಷರವೇ ಸರಿ.

ಬೆಲೆ ಹಾಕುವುದಿದ್ದರೆ 1, 2, 3 ಬಳಸಿ. ಕನ್ನಡ ಅಂಕಿಗಳ ಮೇಲೆ ನನಗೂ ಪ್ರೀತಿ ಇದೆ. ಆದರೆ ದೂರದಿಂದ ೬ ಮತ್ತು ೭ ಬೇರೆ ಮಾಡಿ ಓದಲು ಇಂದು ಹೆಚ್ಚಿನವರಿಗೆ ಒಂದು ಕ್ಷಣ ಹೆಚ್ಚು ಬೇಕು, ನಮ್ಮಲ್ಲಿ ಆ ಕ್ಷಣ ಇಲ್ಲ.

ಅಚ್ಚಿಗೆ ಕೊಡುವಾಗ

ನೀವು ಮೊಬೈಲಿನಲ್ಲಿ ಟೈಪ್ ಮಾಡಿ ಕಳುಹಿಸುವ ಕನ್ನಡ ಯೂನಿಕೋಡ್ ಎಂಬ ಸಂಕೇತ ಕ್ರಮದಲ್ಲಿರುತ್ತದೆ. ಅಚ್ಚಿನ ಅಂಗಡಿಗಳಲ್ಲಿ ಇನ್ನೂ ಹಲವರು ಹಳೆಯ ತಂತ್ರಾಂಶದಲ್ಲಿ ನುಡಿ ಅಥವಾ ಅಂಥದೇ ಹಳೆಯ ಬಗೆಯ ಫಾಂಟುಗಳನ್ನು ಬಳಸುತ್ತಾರೆ. ನಿಮ್ಮ ಬರಹವನ್ನು ಅವರು ಪರಿವರ್ತಕದಲ್ಲಿ ಹಾಕಿ ಬದಲಿಸುತ್ತಾರೆ, ಇಲ್ಲವೇ ಕೈಯಿಂದ ಮತ್ತೆ ಟೈಪ್ ಮಾಡುತ್ತಾರೆ. ತಪ್ಪು ನುಸುಳುವುದು ಈ ಹಂತದಲ್ಲಿ. ಅಕ್ಷರಗಳೆಲ್ಲ ಸರಿಯಿದ್ದು ಒತ್ತು ಮಾತ್ರ ಪಕ್ಕದ ಅಕ್ಷರಕ್ಕೆ ಹೋಗುತ್ತದೆ, ಅರ್ಕಾವತ್ತು ಕಾಣೆಯಾಗುತ್ತದೆ, "ಕ್ಷ" ಒಡೆದು ಕಕಾರ, ಷಕಾರ ಅಕ್ಕಪಕ್ಕ ನಿಲ್ಲುತ್ತವೆ, "ಪೇ" ದೀರ್ಘ ಕಳೆದುಕೊಂಡು "ಪೆ" ಆಗುತ್ತದೆ.

ಹಾಗಾಗಿ ಕರಡನ್ನು ಪಿಡಿಎಫ್ ಆಗಿಯೇ ಕೇಳಿ ಪಡೆಯಿರಿ, ಪರದೆಯ ಫೋಟೋ ಸಾಲದು. ನೋಡುವಾಗ ವಾಕ್ಯವಾಗಿ ಓದಬೇಡಿ. ನೀವೇ ಬರೆದದ್ದಾದ್ದರಿಂದ ಕಣ್ಣು ತಪ್ಪನ್ನು ಹಾರಿಸಿಕೊಂಡು ಹೋಗುತ್ತದೆ. ಕೊನೆಯ ಅಕ್ಷರದಿಂದ ಹಿಂದಕ್ಕೆ, ಒಂದೊಂದಾಗಿ ಬೆರಳಿಟ್ಟು ನೋಡಿ. ಒತ್ತಕ್ಷರ ಇರುವ ಅಕ್ಷರಗಳಲ್ಲಿ ಎರಡು ಸಲ ನಿಲ್ಲಿ. ನಮ್ಮ ಬ್ಯಾನರಿನಲ್ಲಿ ಅವು ಮೂರೇ: ಕ್ಸಿ, ಗ್ಗೆ, ಯ್ಯಿ. ಒಪ್ಪಿಗೆಯಾದ ಮೇಲೆ ಅಕ್ಷರಗಳನ್ನು ಕರ್ವ್ ಮಾಡಿಯೇ ಮುದ್ರಣಕ್ಕೆ ಕಳುಹಿಸಲು ಹೇಳಿ. ಆಗ ಅಕ್ಷರಗಳು ಚಿತ್ರದಂತೆ ಗಟ್ಟಿಯಾಗಿ, ಮುದ್ರಣ ಯಂತ್ರದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ.

ಹಣ ಕೊಡುವ ಮೊದಲು ಮಾಡಬೇಕಾದ ಒಂದು ಪರೀಕ್ಷೆ ಇದೆ. ಕರಡನ್ನು ಎ4 ಹಾಳೆಯಲ್ಲಿ, ಹಾಳೆಯ ಉದ್ದಕ್ಕೂ ಅಡ್ಡಲಾಗಿ ಅಚ್ಚು ಮಾಡಿಸಿ. ಆರು ಅಡಿಯ ಬ್ಯಾನರ್ ಅದರಲ್ಲಿ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆದ್ದರಿಂದ ದೂರವನ್ನೂ ಆರರಿಂದ ಭಾಗಿಸಿ: 25 ಮೀಟರಿಗೆ ಬದಲು ನಾಲ್ಕು ಮೀಟರ್. ವಿಷಯ ಗೊತ್ತಿಲ್ಲದ ಒಬ್ಬರನ್ನು, ಪಕ್ಕದ ಅಂಗಡಿಯವರನ್ನೇ ಆಗಲಿ, ನಾಲ್ಕು ಮೀಟರ್ ದೂರದಲ್ಲಿ ನಿಲ್ಲಿಸಿ, ಹಾಳೆಯನ್ನು ಎರಡು ಸೆಕೆಂಡ್ ತೋರಿಸಿ ಮಡಚಿಬಿಡಿ. "ಚೆನ್ನಾಗಿದೆಯೇ?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. "ಇದು ಏನು ಅಂಗಡಿ?" ಎಂದು ಕೇಳಿ. "ಮಿಕ್ಸಿ ರಿಪೇರಿ" ಎಂದರೆ ಗೆದ್ದಿರಿ. "ಮಿಕ್ಸಿ ಅಂಗಡಿ" ಎಂದರೆ "ರಿಪೇರಿ" ಇನ್ನೂ ದೊಡ್ಡದಾಗಬೇಕು, ಅಥವಾ ಪಕ್ಕದ ಮಿಕ್ಸಿಯ ಚಿತ್ರ ಹೊಳೆಯುವ ಹೊಸದರಂತೆ ಇದ್ದು ದಾರಿ ತಪ್ಪಿಸುತ್ತಿದೆ. ಚಿತ್ರದ ಮೇಲೆ ಒಂದು ಸ್ಪ್ಯಾನರ್ ಅಡ್ಡ ಹಾಕಿದರೆ ಸರಿಹೋಗುತ್ತದೆ.

ಬಟ್ಟೆ, ಮಳೆ, ಕೊಡೆ

ಫ್ಲೆಕ್ಸ್ ಅಗ್ಗ, ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಬ್ಯಾನರ್ ಮತ್ತು ಫ್ಲೆಕ್ಸುಗಳನ್ನು ನಿಷೇಧಿಸಿದೆ. ಸ್ಥಳೀಯ ಸಂಸ್ಥೆಯವರು ತೆಗೆದುಹಾಕಿ ದಂಡ ವಿಧಿಸಿದರೆ ಬ್ಯಾನರಿನ ಖರ್ಚೂ ಹೋಯಿತು. ಬಟ್ಟೆಯದ್ದನ್ನೇ ಮಾಡಿಸಿ. ಅಂಗಡಿಯ ಗೋಡೆ ಬಿಟ್ಟು ಕಂಬಕ್ಕೋ ಮರಕ್ಕೋ ಕಟ್ಟುವ ಯೋಚನೆಯಿದ್ದರೆ ಅನುಮತಿ ಬೇಕು. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗಗಳನ್ನು ವಿರೂಪಗೊಳಿಸುವುದನ್ನು ತಡೆಯಲು 1981ರಿಂದಲೇ ರಾಜ್ಯದಲ್ಲಿ ಕಾಯಿದೆ ಇದೆ. ನಗರಸಭೆಯಲ್ಲೋ ಮಹಾನಗರ ಪಾಲಿಕೆಯಲ್ಲೋ ಮೊದಲೇ ವಿಚಾರಿಸಿಕೊಳ್ಳಿ.

ಬಟ್ಟೆಗೆ ಒಂದು ದೋಷವಿದೆ. ಒದ್ದೆಯಾದರೆ ಭಾರವಾಗಿ ನಡುವೆ ಜೋತುಬೀಳುತ್ತದೆ, ಸಾಲುಗಳು ಬಾಗುತ್ತವೆ, ಮಡಿಕೆಯೊಳಗೆ ಒಂದು ಅಕ್ಷರ ಸೇರಿಕೊಂಡುಬಿಡುತ್ತದೆ. ನಾಲ್ಕು ಮೂಲೆಗೆ ಹಗ್ಗ ಕಟ್ಟಿದರೆ ಸಾಲದು. ಮೇಲೆ ಮತ್ತು ಕೆಳಗೆ ಬಟ್ಟೆಯನ್ನು ಮಡಚಿ ಹೊಲಿಸಿ, ಒಳಗೆ ಬಿದಿರಿನ ಅಥವಾ ಮರದ ಕೋಲು ತೂರಿಸಿ. ಕೆಳಗಿನ ಕೋಲನ್ನು ಬಿಗಿಯಾಗಿ ಕಟ್ಟದೆ ಅರ್ಧ ಅಡಿ ಸಡಿಲ ಬಿಡಿ, ಗಾಳಿ ಬೀಸಿದಾಗ ಬ್ಯಾನರ್ ತೂಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಬಿಗಿಯಾಗಿ ಕಟ್ಟಿದ್ದು ಮೂಲೆಯಲ್ಲಿ ಹರಿಯುತ್ತದೆ. ಶಾಯಿ ನೀರಿಗೆ ನಿಲ್ಲುವುದೋ ಎಂದು ತಿಳಿಯಲು ಅಚ್ಚಿನವರಿಂದ ಒಂದು ತುಂಡು ಬಟ್ಟೆ ಕೇಳಿ ತಂದು, ರಾತ್ರಿ ಬಕೆಟ್ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ.

ಜೂನ್ ಬಂತೆಂದರೆ ಇನ್ನೊಂದು ಸಂಗತಿ. ಮಳೆಯ ಇರಚಲು ತಡೆಯಲು ಅಂಗಡಿಯ ಮುಂದೆ ಟಾರ್ಪಾಲೋ ಶೀಟೋ ಇಳಿಯುತ್ತದೆ, ಮೇಲಿನ ಬ್ಯಾನರ್ ಅದರ ಹಿಂದೆ ಅಡಗುತ್ತದೆ. ನಡೆಯುವವರ ತಲೆಯ ಮೇಲೆ ಕೊಡೆ, ಕಣ್ಣು ಕೆಳಗಿನ ನೀರಿನ ಮೇಲೆ. ಸೆಪ್ಟೆಂಬರ್ ಮುಗಿಯುವವರೆಗೆ ಅವರು ಹತ್ತು ಅಡಿ ಎತ್ತರದಲ್ಲಿರುವ ಯಾವುದನ್ನೂ ನೋಡುವುದಿಲ್ಲ. ನಾಲ್ಕು ತಿಂಗಳು ಅಂಗಡಿಯ ಪರವಾಗಿ ಮಾತನಾಡುವುದು ಎದೆಯ ಎತ್ತರದಲ್ಲಿ ತೂಗುವ ಬಾಗಿಲ ಫಲಕ ಮಾತ್ರ. ಮೇಲಿನ ಎರಡು ಸಾಲುಗಳನ್ನೇ ಅದರ ಒಂದು ಮುಖದಲ್ಲಿ ಬರೆಸಿಡಿ.

ಬಾಗಿಲ ಫಲಕ

ಬ್ಯಾನರಿನ ಓದುಗರು ಹೋಗುತ್ತಿರುವವರು. ಬಾಗಿಲ ಫಲಕದ ಇನ್ನೊಂದು ಮುಖವನ್ನು ಓದುವವರು ನಿಂತಿರುವವರು, ಅದೂ ಬೇಸರದಿಂದ. ಕಾಪುವಿನಿಂದಲೋ ಬ್ರಹ್ಮಾವರದಿಂದಲೋ ಚೀಲದಲ್ಲಿ ಮಿಕ್ಸಿ ಹೊತ್ತು ಬಸ್ಸಿನಲ್ಲಿ ಬಂದವರೊಬ್ಬರು ಮಧ್ಯಾಹ್ನ ಎರಡು ಗಂಟೆಗೆ ಮುಚ್ಚಿದ ಶಟರಿನ ಮುಂದೆ ನಿಂತಿದ್ದಾರೆ. ಅವರು ತೀರ್ಮಾನಿಸಬೇಕಾದದ್ದು ಒಂದೇ: ಕಾಯುವುದೋ, ಹೋಗುವುದೋ.

"ಈಗ ಬರುತ್ತೇನೆ" ಎಂಬ ಫಲಕ ಆ ತೀರ್ಮಾನಕ್ಕೆ ಸಹಾಯ ಮಾಡುವುದಿಲ್ಲ. ಬರೆದವರ "ಈಗ" ಯಾವಾಗ ಆಗಿತ್ತು ಎಂದು ಓದುವವರಿಗೆ ಗೊತ್ತಿಲ್ಲ. "ಹತ್ತು ನಿಮಿಷದಲ್ಲಿ ಬರುತ್ತೇನೆ" ಎಂಬುದೂ ಹಾಗೆಯೇ. "ಇಂದು ರಜೆ" ಎಂಬ ಫಲಕ ಮರುದಿನ ಬೆಳಿಗ್ಗೆ ತೆಗೆಯಲು ಮರೆತರೆ ಸುಳ್ಳು ಹೇಳುತ್ತಾ ತೂಗುತ್ತಿರುತ್ತದೆ. ಗಡಿಯಾರದ ಸಮಯ ಬರೆಯಿರಿ, ದಿನದ ಹೆಸರು ಬರೆಯಿರಿ. ಕಾರಣ ಹೇಳುವುದು ನಿಮ್ಮಿಷ್ಟ, ಹೇಳಿದರೂ ಕೊನೆಗೆ, ಸಣ್ಣದಾಗಿ. ನಮ್ಮ ಅಂಗಡಿಯ ಫಲಕ ಹೀಗಿರಬಹುದು:

3 ಗಂಟೆಗೆ ತೆರೆಯುತ್ತೇವೆ
ಮಿಕ್ಸಿಯನ್ನು ಪಕ್ಕದ ಮೆಡಿಕಲ್‌ನಲ್ಲಿ ಕೊಡಬಹುದು
ಹೆಸರು, ಫೋನ್ ನಂಬರ್ ಬರೆದ ಚೀಟಿ ಇಡಿ

ಎರಡನೆಯ ಸಾಲಿಗೆ ಮೆಡಿಕಲ್‌ನವರ ಒಪ್ಪಿಗೆ ಬೇಕು ಎಂಬುದನ್ನು ಹೇಳಬೇಕಾಗಿಲ್ಲ. ಒಪ್ಪಿದರೆ ಆ ಒಂದು ಸಾಲು ಇಡೀ ಬ್ಯಾನರಿನಷ್ಟು ಗಿರಾಕಿಗಳನ್ನು ಉಳಿಸುತ್ತದೆ. ಇದರ ಕೆಳಗೆ ನಿಮ್ಮ ಫೋನ್ ನಂಬರನ್ನು ಐದೈದು ಅಂಕಿಗಳ ಎರಡು ಗುಂಪಾಗಿ ಬರೆಯಿರಿ. ಗ್ರೈಂಡರ್, ಫ್ಯಾನ್, ಕುಕ್ಕರುಗಳ ಪಟ್ಟಿಗೂ ಇದೇ ಸರಿಯಾದ ಜಾಗ, ನಿಂತವರಿಗೆ ಓದಲು ಸಮಯವಿದೆ. ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ ಸಾಕು. ಮೊದಲ ಸಾಲಿನ ಅಕ್ಷರ ಒಂದು ಇಂಚಿಗೆ ಕಡಿಮೆ ಇಲ್ಲದಿರಲಿ, ಹಾಗಿದ್ದರೆ ಸ್ಕೂಟರ್ ನಿಲ್ಲಿಸಿ ಇಳಿಯದೆಯೇ ಓದಿಕೊಂಡು ಹೋಗಬಹುದು.

ಹಬ್ಬದ ರಜೆಗೆ ಬೇರೆ ತುಂಡು ಮಾಡಿಟ್ಟುಕೊಳ್ಳಿ. ವಿಟ್ಲಪಿಂಡಿಯ ದಿನ ರಥಬೀದಿಯ ಕಡೆ ಹೋದವರು ಅಂಗಡಿ ತೆರೆಯುವುದು ಯಾವಾಗ ಎಂದು ಊರಿನವರಿಗೆ ಗೊತ್ತು, ಮಣಿಪಾಲದ ಹಾಸ್ಟೆಲಿನವರಿಗೆ ಗೊತ್ತಿಲ್ಲ. "ವಿಟ್ಲಪಿಂಡಿ ರಜೆ" ಎಂದಷ್ಟೇ ಬರೆಯದೆ ಮೇಲೆ ದೊಡ್ಡದಾಗಿ "ಶನಿವಾರ 9ಕ್ಕೆ ತೆರೆಯುತ್ತೇವೆ" ಎಂದು ಆ ವರ್ಷದ ವಾರವನ್ನು ಹಾಕಿ. ವಾರ ಮತ್ತು ಗಂಟೆಯ ಜಾಗವನ್ನು ಖಾಲಿ ಬಿಟ್ಟು ಬರೆಸಿ, ಅಲ್ಲಿ ಸೀಮೆಸುಣ್ಣದಿಂದ ತುಂಬಿಸುವ ಕಪ್ಪು ಪಟ್ಟಿ ಇಟ್ಟರೆ ಪ್ರತಿ ಹಬ್ಬಕ್ಕೂ ಅದೇ ಫಲಕ ಸಾಕು. ಮಳೆಗಾಲದಲ್ಲಿ ಸೀಮೆಸುಣ್ಣ ನಿಲ್ಲುವುದಿಲ್ಲ, ಆಗ ಅದರ ಬದಲು ಬಿಳಿ ಮಾರ್ಕರ್ ಬಳಸಿ, ಒರೆಸಲು ಸ್ವಲ್ಪ ಸ್ಪಿರಿಟ್ ಇಟ್ಟುಕೊಳ್ಳಿ.

ರಟ್ಟಿನ ಫಲಕ ಜುಲೈ ತಿಂಗಳಿಗೆ ಬೂಸಲು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸುವುದಿದ್ದರೆ ಕಾಗದದ ಅಂಚಿನಿಂದ ಅರ್ಧ ಇಂಚು ಹೊರಗೆ ಪ್ಲಾಸ್ಟಿಕ್ ಉಳಿಸಿ ಕತ್ತರಿಸಲು ಹೇಳಿ. ಕಾಗದದ ಅಂಚಿಗೇ ಕತ್ತರಿಸಿದರೆ ನೀರು ಅಲ್ಲಿಂದಲೇ ಒಳನುಗ್ಗುತ್ತದೆ. ದಾರ ಪೋಣಿಸುವ ತೂತನ್ನೂ ಆ ಅರ್ಧ ಇಂಚಿನಲ್ಲಿಯೇ ಮಾಡಬೇಕು, ಕಾಗದದ ಮೇಲಲ್ಲ. ದೀರ್ಘಕಾಲಕ್ಕೆ ಎರಡೂ ಬದಿಗೆ ಬಣ್ಣ ಹಚ್ಚಿದ ಪ್ಲೈವುಡ್ ಒಳ್ಳೆಯದು. ತೂಗುಹಾಕಲು ಒಂದೇ ಮೊಳೆ ಸಾಲದು, ಗಾಳಿಗೆ ಫಲಕ ತಿರುಗಿ ಒಳಮುಖ ಹೊರಗೆ ಬರುತ್ತದೆ. ಅಂಗಡಿ ಮುಚ್ಚಿದ್ದಾಗ "ಬೆಳಿಗ್ಗೆ ಕೊಡಿ" ಎಂದೂ, ತೆರೆದಿದ್ದಾಗ "3 ಗಂಟೆಗೆ ತೆರೆಯುತ್ತೇವೆ" ಎಂದೂ ಹೇಳುತ್ತಿರುತ್ತದೆ. ಮೇಲಿನ ಎರಡು ಮೂಲೆಗೆ ಎರಡು ಕೊಕ್ಕೆ ಹಾಕಿ, ಶಟರ್ ಇಳಿಸಿದ ಮೇಲೂ ಕಾಣುವಂತೆ ಬಾಗಿಲ ಚೌಕಟ್ಟಿನ ಹೊರಬದಿಯಲ್ಲಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಮೊಳೆ ಹೊಡೆಯಿರಿ.